ಸೋಮವಾರ ಕೆಲಸ ಶುರು ಮಾಡುವ ಮುನ್ನ

ನಮಸ್ಕಾರ ಮೇಸ್ತ್ರಿಯವರೇ,

ನಿನ್ನೆ ನೀವು ಮನೆ ನೋಡಿ ಹೋದಾಗ ಆಡಿದ ಮಾತುಗಳನ್ನೆಲ್ಲ ಬರೆದು ಕಳಿಸುತ್ತಿದ್ದೇನೆ. ನಿಮ್ಮ ಹುಡುಗರಿಗೂ ಓದಿ ಹೇಳಿ.

ಈಗ ಬಣ್ಣ ಹೊಡೆಯಬೇಕಾದದ್ದು ಹಾಲ್ ಮತ್ತು ಎರಡು ಮಲಗುವ ಕೋಣೆ, ಚಾವಣಿ ಸೇರಿ. ಅಡುಗೆಮನೆ, ದೇವರಮನೆ, ಹೊರಗೋಡೆ ಬೇಡ. ತೇಗದ ಬಾಗಿಲುಗಳಿಗೆ ಪಾಲಿಶ್ ಆಗಿದೆ, ಅವುಗಳ ಮೇಲೆ ಪುಟ್ಟಿ ಬೀಳದಂತೆ ಮೊದಲೇ ಹಾಳೆ ಕಟ್ಟಿ. ಕಿಟಕಿ ಗ್ರಿಲ್‌ಗಳ ತುಕ್ಕು ಉಜ್ಜಿ, ಒಂದು ಕೋಟ್ ರೆಡ್ ಆಕ್ಸೈಡ್, ಎರಡು ಕೋಟ್ ಎನಾಮಲ್. ಇದು ನೀವು ಹೇಳಿದ ದರದಲ್ಲೇ ಸೇರಿದೆ.

ಹಾಲ್‌ನ ಗೋಡೆಗಳ ಹಳೆಯ ಬಣ್ಣ ಗಟ್ಟಿಯಾಗಿದೆ. ಎಮರಿ ಪೇಪರ್ ಹೊಡೆದು, ಮೊಳೆಯ ತೂತು, ಬಿರುಕುಗಳಿಗಷ್ಟೇ ಪುಟ್ಟಿ ತುಂಬಿದರೆ ಸಾಕು. ಕೂದಲೆಳೆಯಂಥ ಬಿರುಕನ್ನೂ ಸ್ವಲ್ಪ ಕೆತ್ತಿ ಅಗಲಿಸಿಯೇ ತುಂಬಿ, ಮೇಲೆ ಸವರಿದರೆ ಮತ್ತೆ ಬಿಡುತ್ತದೆ. ಚಾವಣಿಗಳದ್ದು ಬೇರೆ ಕಥೆ. ಅಲ್ಲಿ ಹಳೆಯ ಡಿಸ್ಟೆಂಪರ್ ಇದೆ, ಕೈಯಾಡಿಸಿದರೆ ಪುಡಿ ಅಂಟುತ್ತದೆ. ನೀರು ಹಾಕಿ ಪೂರ್ತಿ ಕೆರೆದು ತೆಗೆಯದೆ ಪುಟ್ಟಿ ಹಾಕಬೇಡಿ. ಚಾವಣಿಗೂ ಕೋಣೆಗಳ ಗೋಡೆಗೂ ಎರಡು ಕೋಟ್ ಪುಟ್ಟಿ. ಅದು ಒಣಗಿದ ಮೇಲೆ ಮೊದಲು 120, ಕೊನೆಗೆ 220 ನಂಬರ್ ಪೇಪರ್.

ನನಗೆ ಚಿಂತೆ ಇರುವುದು ಚಿಕ್ಕ ಕೋಣೆಯ ಬಚ್ಚಲಿಗೆ ಅಂಟಿದ ಗೋಡೆಯದ್ದು. ಸೋರುತ್ತಿದ್ದ ಪೈಪ್ ಸರಿಯಾಗಿ ಎರಡು ವಾರವಾಯಿತು, ಆದರೂ ಕೆಳಗಿನ ಮೂರು ಅಡಿಯಲ್ಲಿ ಬಣ್ಣ ಉಬ್ಬಿದೆ, ಉಪ್ಪು ಬಿಟ್ಟಿದೆ. ಸೋಮವಾರ ಬಂದ ಕೂಡಲೇ ಅದನ್ನು ಕೆರೆಯಿರಿ, ತಟ್ಟಿದರೆ ಟೊಳ್ಳು ಸದ್ದು ಬರುವ ಗಾರೆಯನ್ನು ಕಿತ್ತುಹಾಕಿ, ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಹಾಗೇ ಬಿಡಿ. ಅದೇ ಕೊನೆಯ ಗೋಡೆಯಾಗಲಿ. ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಿಂದ ಸುತ್ತ ಅಂಟಿಸಿ ಒಂದು ದಿನ ನೋಡೋಣ. ಒಳಗೆ ಹನಿ ಕಂಡರೆ ಇನ್ನೂ ಕಾಯುವುದು, ಕೆಲಸ ನಾಲ್ಕು ದಿನ ತಡವಾದರೂ ಸರಿ.

ಎಲ್ಲ ಗೋಡೆ, ಚಾವಣಿಗೆ ಪ್ರೈಮರ್ ಒಂದು ಕೋಟ್, ಎಮಲ್ಷನ್ ಎರಡು ಕೋಟ್, ನಡುವೆ ನಾಲ್ಕು ಗಂಟೆ ಬಿಡುವು. ಕಳೆದ ಬಾರಿ ಬಂದವರು ರೋಲರನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎಳೆದು ಎರಡು ಕೋಟ್ ಆಯಿತೆಂದರು! ಆದ್ದರಿಂದ ಪ್ರತಿ ಕೋಟ್ ಮುಗಿದಾಗ ನನ್ನನ್ನು ಕರೆಯಿರಿ. ಪುಟ್ಟಿ ಉಜ್ಜಿದ ಮೇಲೆ ಗೋಡೆಗೆ ಓರೆಯಾಗಿ ಟಾರ್ಚ್ ಬಿಟ್ಟು ಇಬ್ಬರೂ ನೋಡೋಣ, ಏರುತಗ್ಗು ತಿದ್ದಲು ಆಗಲೇ ಸುಲಭ. ಡಬ್ಬಗಳನ್ನು ನಾನೇ ತರುತ್ತೇನೆ. ನೀರು ಡಬ್ಬದ ಮೇಲೆ ಬರೆದಷ್ಟೇ.

ಅಳತೆ ಬಾಗಿಲು, ಕಿಟಕಿ ಕಳೆದು 1,700 ಚದರಡಿ, ಕೂಲಿ ಚದರಡಿಗೆ 14 ರೂಪಾಯಿ, ಒಟ್ಟು 23,800. ಹಾಲ್‌ನಲ್ಲಿ ಪುಟ್ಟಿ ಕೆಲಸ ಕಡಿಮೆಯಿದ್ದರೂ ಚೌಕಾಸಿ ಮಾಡಿಲ್ಲ, ಉಳಿದ ಶ್ರಮ ಆ ಬಚ್ಚಲ ಗೋಡೆಗೆ ಹೋಗಲಿ ಎಂದು. ಮುಂಗಡ 5,000, ಪ್ರೈಮರ್ ಆದ ಮೇಲೆ 9,000, ನೆಲದ ಕಲೆ ಒರೆಸಿಕೊಟ್ಟ ದಿನ ಉಳಿದ 9,800.

ಒಪ್ಪಿಗೆಯಾದರೆ ಇಲ್ಲೇ ಉತ್ತರಿಸಿ, ಇವತ್ತೇ ಮುಂಗಡ ಕಳಿಸುತ್ತೇನೆ. ಭಾನುವಾರ ಸಂಜೆಯೊಳಗೆ ಸಾಮಾನುಗಳನ್ನು ಕೋಣೆಯ ನಡುವೆ ಸರಿಸಿರುತ್ತೇವೆ. ಬೀರು ಮಾತ್ರ ನಮ್ಮಿಬ್ಬರಿಂದ ಅಲುಗುವುದಿಲ್ಲ, ಅದಕ್ಕೆ ನಿಮ್ಮ ಹುಡುಗರು ಕೈ ಹಾಕಬೇಕು.