ವಿಷಯ: ಅಂಗಡಿಯ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟಗಳ ನಿರ್ವಹಣೆಗೆ ಮೂರು ತಿಂಗಳ ಪ್ರಾಯೋಗಿಕ ಪ್ರಸ್ತಾವ

ಸರಸ್ವತಿಪುರಂ, ಮೈಸೂರು
ಜೂನ್ 12

ಶ್ರೀ ನಾಗರಾಜ ಶೆಟ್ಟರಿಗೆ,
ಅಶೋಕ ರಸ್ತೆ, ಮೈಸೂರು

ನಮಸ್ಕಾರ.

ನಿಮ್ಮ ಇನ್‌ಸ್ಟಾಗ್ರಾಂ ಪುಟವನ್ನು ಪೂರ್ತಿ ನೋಡಿದೆ. ಹಬ್ಬದ ಶುಭಾಶಯಗಳೇ ಹೆಚ್ಚು, ಒಡವೆ ಕಡಿಮೆ. ಇರುವ ಫೋಟೊಗಳೂ ಶೋಕೇಸಿನ ಬಿಳಿ ಎಲ್‌ಇಡಿ ಕೆಳಗೆ ತೆಗೆದವು. ಅದರಿಂದ ನಿಮ್ಮ 916 ಚಿನ್ನ ಪೇಲವವಾಗಿ ಕಾಣುತ್ತಿದೆ. ಕಾಸಿನ ಸರದ ಫೋಟೊ ಕೆಳಗೆ ಐದು ಜನ "ಎಷ್ಟು ಗ್ರಾಂ?" ಎಂದು ಕೇಳಿದ್ದಾರೆ, ಒಬ್ಬರಿಗೂ ಉತ್ತರ ಹೋಗಿಲ್ಲ. ಮೊದಲು ಸರಿಪಡಿಸಬೇಕಾದ್ದು ಇದನ್ನೇ.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕೆಲಸ ನಮಗೆ ಕೊಟ್ಟು ನೋಡಿ. ಆಷಾಢದಲ್ಲಿ ವ್ಯಾಪಾರ ತಣ್ಣಗಿರುತ್ತದೆ. ಆಗ ಎರಡು ದಿನ ಬೆಳಿಗ್ಗೆ, ಅಂಗಡಿ ತೆರೆಯುವ ಮುಂಚೆ, 60 ಒಡವೆಗಳ ಫೋಟೊ, ವಿಡಿಯೊ ಮಾಡಿಕೊಳ್ಳುತ್ತೇವೆ. ಕೌಂಟರಿನ ದೀಪಗಳನ್ನೆಲ್ಲ ಆರಿಸಿ, ಹೊಳಪಿಲ್ಲದ ಕಪ್ಪು ಬಟ್ಟೆಯ ಮೇಲಿಟ್ಟು, ಪಕ್ಕದಿಂದ ಒಂದೇ ಬೆಳಕು ಕೊಡುತ್ತೇವೆ. ಎರಡು ಬಗೆಯ ಬೆಳಕು ಬೆರೆತರೆ ಚಿನ್ನದ ನಿಜವಾದ ಬಣ್ಣ ಆಮೇಲೆ ತರುವುದು ಬಹಳ ಕಷ್ಟ. ಜುಮುಕಿ, ಸರಗಳನ್ನು ಹಾಕಿಕೊಂಡೂ ತೋರಿಸಬೇಕು, ಇಲ್ಲದಿದ್ದರೆ ಅಳತೆಯ ಅಂದಾಜೇ ಸಿಗುವುದಿಲ್ಲ. ವರಮಹಾಲಕ್ಷ್ಮಿಗೆ ಮೂರು ವಾರ ಮುಂಚೆಯೇ ಬೆಳ್ಳಿಯ ಲಕ್ಷ್ಮಿ ಮುಖವಾಡ, ಕಲಶದ ಚೊಂಬು ಪುಟಕ್ಕೆ ಬರಬೇಕು. ಹಬ್ಬದ ಹಿಂದಿನ ದಿನ ಹಾಕಿದರೆ ಲಾಭವಿಲ್ಲ.

ವಾರಕ್ಕೆ ಮೂರು ರೀಲ್, ಎರಡು ಫೋಟೊ ಪೋಸ್ಟ್. ಪ್ರತಿಯೊಂದರಲ್ಲೂ ಒಟ್ಟು ತೂಕ, ಕಲ್ಲು ಕಳೆದ ತೂಕ, ವೇಸ್ಟೇಜ್ ಶೇಕಡಾವಾರು ಇರುತ್ತದೆ. ರೂಪಾಯಿ ಬೆಲೆ ಹಾಕುವುದಿಲ್ಲ. ಚಿನ್ನದ ದರ ದಿನವೂ ಬದಲಾಗುವುದರಿಂದ ಹಳೆಯ ಪೋಸ್ಟ್ ಹಿಡಿದುಕೊಂಡು ಬಂದವರ ಜೊತೆ ಕೌಂಟರಿನಲ್ಲಿ ಜಗಳವಾಗುತ್ತದೆ. ಸಿನಿಮಾ ಹಾಡುಗಳನ್ನೂ ಬಳಸುವುದಿಲ್ಲ: ವ್ಯಾಪಾರದ ಖಾತೆಯಲ್ಲಿ ಹಕ್ಕಿಲ್ಲದ ಹಾಡಿದ್ದರೆ ರೀಲಿನ ಧ್ವನಿ ಕಡಿತವಾಗಬಹುದು. ಲಾಕರ್, ಸಿಸಿಟಿವಿ ಇರುವ ಜಾಗ ಯಾವ ವಿಡಿಯೊದಲ್ಲೂ ಕಾಣದು. ನಿಮ್ಮ ಒಪ್ಪಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಮೇಲೆಯೇ ಪೋಸ್ಟ್ ಹೋಗುತ್ತದೆ.

ನಿಮ್ಮಿಂದ ಬೇಕಾದ್ದು, ತೂಕ, ವೇಸ್ಟೇಜ್ ಗೊತ್ತಿರುವ ಒಬ್ಬ ಸೇಲ್ಸ್‌ನವರು. ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಬರುವ ಪ್ರಶ್ನೆಗಳಿಗೆ ನಾವೇ ಉತ್ತರಿಸುತ್ತೇವೆ, ಆದರೆ ಸ್ಟಾಕ್ ಇದೆಯೇ ಎಂಬುದನ್ನು ಅವರು ಅರ್ಧ ಗಂಟೆಯೊಳಗೆ ತಿಳಿಸಬೇಕು. ಇದು ನಡೆಯದಿದ್ದರೆ ಎಷ್ಟು ಚೆಂದದ ರೀಲ್ ಮಾಡಿದರೂ ಪ್ರಯೋಜನವಿಲ್ಲ.

ನಮ್ಮ ಶುಲ್ಕ ತಿಂಗಳಿಗೆ ₹18,000, ಜಿಎಸ್‌ಟಿ 18% ಸೇರಿ ₹21,240. ಚಿತ್ರೀಕರಣ ಇದರಲ್ಲೇ ಸೇರಿದೆ. ಜಾಹೀರಾತಿಗೆ ತಿಂಗಳಿಗೆ ₹6,000 ಬೇರೆ. ಅದು ನಿಮ್ಮ ಕಾರ್ಡಿನಿಂದ ನೇರ ಕಟ್ಟಾಗುತ್ತದೆ. ಜಾಹೀರಾತು ಅಂಗಡಿಯಿಂದ 20 ಕಿ.ಮೀ. ಒಳಗಿನವರಿಗೆ ಮಾತ್ರ ಕಾಣುತ್ತದೆ. ಖಾತೆ ನಿಮ್ಮ ಹೆಸರಿನಲ್ಲೇ ಇರುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ, ನಿರ್ವಹಣೆಯ ಅನುಮತಿ ಸಾಕು. ಬೇಡವೆನಿಸಿದ ದಿನ ನೀವೇ ತೆಗೆಯಬಹುದು.

ಲೈಕ್ ಎಣಿಸಿ ಲೆಕ್ಕ ಕೊಡುವುದಿಲ್ಲ. ತೂಕ, ದರ ವಿಚಾರಿಸಿದವರೆಷ್ಟು, ಅಂಗಡಿಗೆ ಬಂದವರೆಷ್ಟು, ಕೊಂಡವರೆಷ್ಟು ಎಂದು ಪ್ರತಿ ತಿಂಗಳ 5ರೊಳಗೆ ಒಂದು ಪುಟದ ವರದಿ ಕೊಡುತ್ತೇನೆ. ಇದಕ್ಕಾಗಿ ಬಿಲ್ ಮಾಡುವಾಗ "ಎಲ್ಲಿ ನೋಡಿ ಬಂದಿರಿ?" ಎಂದು ಕೇಳಿ ಬರೆದಿಡಬೇಕು. ಮಾರಾಟ ಇಷ್ಟೇ ಆಗುತ್ತದೆಂದು ಮಾತು ಕೊಡಲಾರೆ. ಎರಡನೇ ತಿಂಗಳಲ್ಲಿ 40 ವಿಚಾರಣೆ ಬರದಿದ್ದರೆ ಮೂರನೇ ತಿಂಗಳ ಶುಲ್ಕ ಅರ್ಧ ಮಾತ್ರ ಕೊಡಿ.

ಒಪ್ಪಿಗೆಯಾದರೆ ಜೂನ್ 20ರೊಳಗೆ ತಿಳಿಸಿ. ಚಿತ್ರೀಕರಣಕ್ಕೆ ಒಡವೆ ಆರಿಸಲು ನಾನೇ ಅಂಗಡಿಗೆ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಸುಮಾ ಪ್ರಕಾಶ್