ಪಟಾಕಿ ಸುಟ್ಟರೆ ಮೊದಲು ನೀರು, ಆಮೇಲೆ ಗಾಡಿ

ರಾಯಚೂರಿನ ನನ್ನ ಕ್ಲಿನಿಕ್ಕಿಗೆ ದೀಪಾವಳಿ ರಾತ್ರಿ ಬರುವ ಮಕ್ಕಳಲ್ಲಿ ಹೆಚ್ಚಿನವರು ಸುಟ್ಟುಕೊಂಡಿರುವುದು ಸುರುಸುರು ಬತ್ತಿಯಿಂದ, ಬಾಂಬಿನಿಂದ ಅಲ್ಲ. ಬತ್ತಿ ಆರಿದ ಮೇಲೂ ಅದರ ತಂತಿ ಕಾದೇ ಇರುತ್ತದೆ. ಮಗು ಅದನ್ನು ಹಿಡಿಯುತ್ತದೆ, ಇಲ್ಲವೇ ಬರಿಗಾಲಲ್ಲಿ ತುಳಿಯುತ್ತದೆ. ಬೆರಳುಗಳ ಮೇಲೆ ಅಡ್ಡಕ್ಕೆ ಗೆರೆ ಎಳೆದಂತೆ ಬೊಬ್ಬೆ ಎದ್ದಿರುತ್ತದೆ, ಅದರ ಮೇಲೆ ದಪ್ಪಗೆ ಟೂತ್‌ಪೇಸ್ಟ್ ಮೆತ್ತಿರುತ್ತದೆ. ಗಾಯ ನೋಡಬೇಕೆಂದರೆ ಆ ಪೇಸ್ಟನ್ನು ತೊಳೆದು ತೆಗೆಯಲೇಬೇಕು. ಮಗುವಿಗೆ ಸುಟ್ಟಾಗಿನಷ್ಟೇ ನೋವು ಮತ್ತೊಮ್ಮೆ.

ದಯವಿಟ್ಟು ಪೇಸ್ಟು, ಇಂಕು, ಅರಿಶಿನ, ಬೆಣ್ಣೆ, ಎಣ್ಣೆ ಏನೂ ಹಚ್ಚಬೇಡಿ. ಐಸೂ ಬೇಡ, ಸುಟ್ಟ ಚರ್ಮಕ್ಕೆ ಅದು ಇನ್ನಷ್ಟು ಹಾನಿ ಮಾಡುತ್ತದೆ.

ಬೇಕಾದದ್ದು ತಣ್ಣೀರು, ಪೂರ್ತಿ 20 ನಿಮಿಷ. ಬೆಂಕಿ ಆರಿದರೂ ಚರ್ಮದೊಳಗಿನ ಕಾವು ಆರಿರುವುದಿಲ್ಲ, ಅದು ಒಳಪದರವನ್ನು ಸುಡುತ್ತಲೇ ಇರುತ್ತದೆ. ನೀರು ಆ ಕಾವನ್ನು ಎಳೆದುಕೊಳ್ಳುತ್ತದೆ. ಎರಡು ನಿಮಿಷ ಹಾಕಿ ನಿಲ್ಲಿಸಿದರೆ ಸಾಲದು, ಗಡಿಯಾರ ನೋಡಿಕೊಳ್ಳಿ. ಸುಟ್ಟು ಮೂರು ಗಂಟೆಯೊಳಗೆ ಇದನ್ನು ಯಾವಾಗ ಮಾಡಿದರೂ ಉಪಯೋಗವಿದೆ. ನಮ್ಮ ಕಡೆ ನಳದಲ್ಲಿ ನೀರು ಯಾವಾಗಲೂ ಇರುವುದಿಲ್ಲ, ಗೊತ್ತು. ನೀರು ತುಂಬುವ ಹಬ್ಬದ ದಿನವೇ ಎರಡು ಬಕೆಟ್ ಶುದ್ಧ ನೀರು ಬೇರೆ ಇಟ್ಟುಬಿಡಿ. ಚರಿಗೆಯಿಂದ ನಿಧಾನಕ್ಕೆ ಹುಯ್ಯುತ್ತಿದ್ದರೆ ಸಾಕು. ಸಣ್ಣ ಮಗುವಾದರೆ ಗಾಯಕ್ಕಷ್ಟೇ ನೀರು ಹಾಕಿ, ಉಳಿದ ಮೈ ಬೆಚ್ಚಗಿರಲಿ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಲು ಬಿಡಬೇಡಿ. ನೆಲಕ್ಕೆ ಮಲಗಿಸಿ ಉರುಳಿಸಿ, ಹತ್ತಿಯ ದಪ್ಪ ಕಂಬಳಿ ಹೊದಿಸಿ, ನೀರು ಸುರಿಯಿರಿ. ಊದಿಕೊಳ್ಳುವ ಮೊದಲೇ ಬಳೆ, ಉಂಗುರ, ಉಡಿದಾರ ತೆಗೆಯಿರಿ. ಮೈಗೆ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಕೀಳಬೇಡಿ, ಸುತ್ತ ಕತ್ತರಿಸಿ ಬಿಡಿ. ಬೊಬ್ಬೆ ಒಡೆಯಬೇಡಿ. ನೀರು ಹಾಕಿದ ಮೇಲೆ ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ. ಹತ್ತಿಯ ಅರಳೆ ಇಡಬೇಡಿ, ಗಾಯಕ್ಕೆ ಅಂಟುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು, ಮಕ್ಕಳಿಗೆ ತೂಕ ನೋಡಿ.

ಗಾಯ ರೋಗಿಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು ಅಥವಾ ಗುಪ್ತಾಂಗದ ಮೇಲಿದ್ದರೆ, ಚರ್ಮ ಬೆಳ್ಳಗೋ ಕಪ್ಪಗೋ ಆಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಅಂಥ ಕಡೆ ನೋವೇ ಇಲ್ಲ ಎಂದರೆ ಗಾಯ ಆಳವಾಗಿದೆ ಎಂದರ್ಥ, ಸಮಾಧಾನ ಪಡಬೇಡಿ. ಕೂಸುಗಳು, ಸಕ್ಕರೆ ಕಾಯಿಲೆಯವರು ಸಣ್ಣ ಗಾಯಕ್ಕೂ ತೋರಿಸಿಕೊಳ್ಳಲಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತೆಂದು ಡಾಕ್ಟರಿಗೆ ಹೇಳಿ.

ಕಣ್ಣಿನ ವಿಷಯ ಬೇರೆ. ಉಜ್ಜಬೇಡಿ, ಒತ್ತಬೇಡಿ, ಅಂಗಡಿಯ ಡ್ರಾಪ್ಸ್ ಹಾಕಬೇಡಿ. ಬರೀ ಮದ್ದಿನ ಪುಡಿ ಬಿದ್ದಿದ್ದರೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಏನಾದರೂ ಚುಚ್ಚಿದ್ದರೆ, ರಕ್ತ ಬರುತ್ತಿದ್ದರೆ ತೊಳೆಯಲೂ ಬೇಡಿ, ಕೀಳಲೂ ಬೇಡಿ. ಕಣ್ಣಿಗೆ ತಾಗದಂತೆ ಪೇಪರ್ ಕಪ್ ಮುಚ್ಚಿ, ಬೆಳಗಿನವರೆಗೆ ಕಾಯದೆ ಆಗಲೇ ಕರೆದುಕೊಂಡು ಹೊರಡಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.