ಮಾರಾಟಕ್ಕಿದೆ: ಕೀ ಕೊಡುವ ಎಚ್‌ಎಂಟಿ ಜನತಾ ವಾಚು. ಓಡುತ್ತದೆ, ಆದರೆ ಡಯಲ್ ಮೇಲೆ ಅನುಮಾನ ಇದೆ

ಬೆಲೆ 1,200 ರೂಪಾಯಿ. ಬಾಕ್ಸ್ ಇಲ್ಲ, ಬಿಲ್ ಇಲ್ಲ.

ಇದು ನಮ್ಮ ಸೋದರಮಾವನ ವಾಚು. ಸೆಲ್ ಹಾಕುವಂಥದ್ದಲ್ಲ, ದಿನಾ ಬೆಳಿಗ್ಗೆ ಕೀ ಕೊಡಬೇಕು. 17 ಜ್ಯುವೆಲ್ ಮಿಷನ್, ಬಿಳಿ ಡಯಲ್, ತಾರೀಖು ತೋರಿಸುವುದಿಲ್ಲ. ಅಗಲ ತಿರುಪು ಬಿಟ್ಟು 35 ಮಿಲಿಮೀಟರ್, ಸ್ಕೇಲ್ ಇಟ್ಟು ಅಳೆದಿದ್ದೇನೆ. ದೊಡ್ಡ ವಾಚು ಕಟ್ಟಿ ರೂಢಿ ಆದವರಿಗೆ ಚಿಕ್ಕದು ಅನ್ನಿಸುತ್ತದೆ.

ಎಷ್ಟು ಹಳೆಯದು ಅಂತ ಎಲ್ಲರೂ ಕೇಳುತ್ತಾರೆ. ಮನೆಯವರೆಲ್ಲ ಹೇಳುವುದು ‘ಮಾವನ ಮದುವೆಗೆ ತಗೊಂಡಿದ್ದು’ ಅಂತ. ಮದುವೆ ಆಗಿದ್ದು 1979ರಲ್ಲಿ. ಧಾರೆ ಫೋಟೋದಲ್ಲಿ ಮಾವನ ಎಡಗೈಯಲ್ಲಿ ವಾಚೇನೋ ಇದೆ. ಆದರೆ ಕಪ್ಪು-ಬಿಳುಪು ಫೋಟೋ, ಡಯಲ್ ಮೇಲೆ ಫ್ಲಾಶ್ ಬೆಳಕು ಬಿದ್ದು ಒಂದು ಬಿಳಿ ಚುಕ್ಕೆ ಅಷ್ಟೇ ಕಾಣುತ್ತದೆ. ಅದೇ ವಾಚು ಇದು ಅಂತ ಆಣೆ ಮಾಡಲಾರೆ. ಜನತಾ ವಾಚನ್ನು ಎಚ್‌ಎಂಟಿಯವರು ಎಷ್ಟೋ ವರ್ಷ ಮಾಡಿದರು, ಹಾಗಾಗಿ ಹೆಸರು ನೋಡಿ ಇಸವಿ ಹೇಳಲು ಬರುವುದಿಲ್ಲ. ನನ್ನ ಕಣ್ಣಾರೆ ಕಂಡಿದ್ದು 1988ರಿಂದ. ಅಷ್ಟಕ್ಕೆ ನಾನು ಗ್ಯಾರಂಟಿ.

ಈಗ ಡಯಲ್ ವಿಷಯ. ಹಳೆ ಎಚ್‌ಎಂಟಿ ವಾಚುಗಳಿಗೆ ಹೊಸದಾಗಿ ಬಣ್ಣ ಹೊಡೆದು, ಅಕ್ಷರ ಅಚ್ಚು ಹಾಕಿ ಮಾರುವುದು ಜಾಸ್ತಿ. ಇದೂ ಹಾಗೇ ಇರಬಹುದು. ಭೂತಗನ್ನಡಿ ಹಿಡಿದರೆ ‘17’ ಅನ್ನುವ ಅಂಕಿಯ ಅಂಚು ಸ್ವಲ್ಪ ಒಡೆದಂತಿದೆ, 4 ಮತ್ತು 5ರ ನಡುವಿನ ಗೆರೆಗಳು ಒಂದೇ ಅಂತರದಲ್ಲಿಲ್ಲ. ಕೇಸು ಇಷ್ಟು ಸವೆದಿರುವಾಗ ಡಯಲ್ ಮಾತ್ರ ಇಷ್ಟು ಬೆಳ್ಳಗಿರುವುದೂ ನನಗೆ ಸರಿ ಕಾಣುವುದಿಲ್ಲ. ಮಾವ ಒಮ್ಮೆ ರಿಪೇರಿಗೆ ಕೊಟ್ಟಿದ್ದು ನೆನಪಿದೆ, ಆಗ ಏನು ಬದಲಾಯಿಸಿದರೋ ಕೇಳೋಣ ಅಂದರೆ ಈಗ ಮಾವ ಇಲ್ಲ. ಒರಿಜಿನಲ್ ಡಯಲ್ಲೇ ಬೇಕು ಅನ್ನುವವರು ದಯವಿಟ್ಟು ಇದನ್ನು ತಗೋಬೇಡಿ. ಬೆಲೆ ಇಟ್ಟಿರುವುದೂ ಡಯಲ್ ಬದಲಾಗಿದೆ ಅಂತ ಲೆಕ್ಕ ಹಾಕಿಯೇ.

ಕೇಸು ಪೂರ್ತಿ ಸ್ಟೀಲ್ ಅಲ್ಲ. ಹಿಂದಿನ ಮುಚ್ಚಳ ಮಾತ್ರ ಸ್ಟೀಲ್. ಮೇಲಿನದು ಹಿತ್ತಾಳೆಗೆ ಕ್ರೋಮ್ ಪಾಲಿಶ್ ಹಾಕಿದ್ದು. ಬೆಲ್ಟ್ ಸಿಕ್ಕಿಸುವ ನಾಲ್ಕೂ ಮೂಲೆಯಲ್ಲಿ ಪಾಲಿಶ್ ಹೋಗಿ ಹಳದಿ ಕಾಣುತ್ತದೆ, ಎಡಗಡೆ ಕೆಳಮೂಲೆಯಲ್ಲಿ ಉಗುರಿಗೆ ಸಿಗುವಷ್ಟು ಗುಳಿಯೂ ಇದೆ. ಗಾಜಿನ ಮೇಲೆ 2ರ ಹತ್ತಿರ ಒಂದು ಉದ್ದ ಗೀರು. ಹಿಂದಿನ ಮುಚ್ಚಳದ ಗೀರುಗಳು ಮಾತ್ರ ನನ್ನ ಕೈಚಳಕ. ಒಳಗೆ ಏನು ಟಿಕ್ ಟಿಕ್ ಅನ್ನುತ್ತೆ ಅಂತ ಐದನೇ ಕ್ಲಾಸಿನಲ್ಲಿ ಕೈವಾರದ ಮೊನೆಯಿಂದ ಮೀಟಿದ್ದೆ. ಮುಚ್ಚಳ ಬರಲಿಲ್ಲ, ಏಟು ಬಂತು. ತಿರುಪು ಬೇರೆ ವಾಚಿನದು, ಅದರ ಮೇಲೆ ಎಚ್‌ಎಂಟಿ ಗುರುತು ಇಲ್ಲ. ಬೆಲ್ಟ್ ಹೊಸದು, ಮೊನ್ನೆ 150 ರೂಪಾಯಿ ಕೊಟ್ಟು ಹಾಕಿಸಿದೆ. ಚರ್ಮ ಅಂದರು, ನನಗೇನೋ ರೆಕ್ಸಿನ್ ಅನ್ನಿಸುತ್ತೆ.

ಓಟದ ಬಗ್ಗೆ: ಎಂಟು ದಿನ ಮೊಬೈಲ್ ಗಂಟೆಗೆ ಹೋಲಿಸಿ ಚೀಟಿಯಲ್ಲಿ ಬರೆದಿದ್ದೇನೆ, ಚೀಟಿ ವಾಚಿನ ಜೊತೆಗೇ ಇದೆ. ಮೇಜಿನ ಮೇಲೆ ಮಲಗಿಸಿ ಇಟ್ಟರೆ ದಿನಕ್ಕೆ ಸುಮಾರು 2 ನಿಮಿಷ ಮುಂದೆ ಓಡುತ್ತದೆ. ಕೈಗೆ ಕಟ್ಟಿದ ದಿನ 4 ನಿಮಿಷದವರೆಗೂ ಹೋಗಿದೆ. ಪೂರ್ತಿ ಕೀ ಕೊಟ್ಟರೆ 30 ಗಂಟೆ ನಿಲ್ಲದೆ ಓಡಿದೆ. ಒಂದೇ ಒಂದು ಸಲ, ಮೂರನೇ ದಿನ, ರಾತ್ರಿ ತಾನಾಗೇ ನಿಂತಿತ್ತು. ಅಲ್ಲಾಡಿಸಿದ ಮೇಲೆ ಓಡಿತು. ಯಾಕೆ ನಿಂತಿತು ಗೊತ್ತಿಲ್ಲ, ಆಮೇಲೆ ನಿಂತಿಲ್ಲ.

ನಮ್ಮ ಕಡೆಯ ವಾಚ್ ರಿಪೇರಿಯವರ ಹತ್ತಿರ ಮುಚ್ಚಳ ತೆಗೆಸಿ ನೋಡಿದೆ. ಮಿಷನ್ ಮೇಲೆ ಎಚ್‌ಎಂಟಿ ಅಂತ ಇದೆ, ತುಕ್ಕು ಕಾಣಲಿಲ್ಲ, ಎಣ್ಣೆ ಒಣಗಿದೆ ಅಂದರು. ಸರ್ವಿಸ್‌ಗೆ 600 ರೂಪಾಯಿ ಕೇಳಿದರು. ನಾನು ಮಾಡಿಸಿಲ್ಲ. ದಿನಾ ಕಟ್ಟುವ ಯೋಚನೆ ಇದ್ದರೆ ಆ ಖರ್ಚನ್ನೂ ಸೇರಿಸಿಕೊಳ್ಳಿ. ಮಳೆಯಲ್ಲಿ ಕಟ್ಟಬೇಡಿ, ಕೈ ತೊಳೆಯುವಾಗಲೂ ಹುಷಾರು.

ಮಾರುತ್ತಿರುವುದು ಯಾಕೆ ಅಂದರೆ, ಮಾವನದು ಎರಡು ವಾಚಿದ್ದವು. ಇನ್ನೊಂದನ್ನು ನಾನೇ ಇಟ್ಟುಕೊಂಡೆ. ಹೌದು, ಅದು ಇದಕ್ಕಿಂತ ಚೆನ್ನಾಗಿದೆ. ಅದು ಮಾರಾಟಕ್ಕಿಲ್ಲ.

ಈ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಬಡಾವಣೆ ಪಾರ್ಕಿನ ಸಂತೆಯಲ್ಲಿ, ಹೊಂಗೆ ಮರದ ಕೆಳಗಿನ ಮೇಜಿನಲ್ಲಿ ಇರುತ್ತೇನೆ. ಭೂತಗನ್ನಡಿ ನಾನೇ ತಂದಿರುತ್ತೇನೆ. ಬಂದ ತಕ್ಷಣ ಕೀ ಕೊಟ್ಟು ಕೈಗೆ ಕಟ್ಟಿಕೊಳ್ಳಿ, ಸಂತೆ ಒಂದು ಸುತ್ತು ಹಾಕಿ ಬಂದು ಟೈಮ್ ನೋಡಿ. 1,100ಕ್ಕೆ ಕೇಳಿದರೆ ಕೊಡುತ್ತೇನೆ, ಅದಕ್ಕಿಂತ ಕೆಳಗೆ ಬೇಡ. ಮನೆಗೆ ಒಯ್ದ ಮೇಲೆ ನಿಂತುಹೋದರೆ ಮುಂದಿನ ಭಾನುವಾರ ಇದೇ ಮರದ ಕೆಳಗೆ ತನ್ನಿ. ನೀರಿಗೆ ಬೀಳಿಸಿರಬಾರದು, ಬೇರೆಯವರ ಹತ್ತಿರ ಬಿಚ್ಚಿಸಿರಬಾರದು. ಪೂರ್ತಿ ದುಡ್ಡು ವಾಪಸ್ ಕೊಡುತ್ತೇನೆ.